ಆನ್‌ಲೈನ್ ಸಭೆಯ ಚಾಟಿನಲ್ಲಿ ಕನ್ನಡ ಲಿಪಿ: ಮುಂಬಯಿ ಉಪನಗರಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪೀಠಿಕೆ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ಕನ್ನಡಿಗರ ಸಾಹಿತ್ಯಕ ಬದುಕು ಬಹುಕಾಲ ಲೋಕಲ್ ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡು ಬೆಳೆದುಬಂದುದು. ಸಂಜೆಯ ಉಪನ್ಯಾಸಕ್ಕೆ ಮಾಟುಂಗಾಕ್ಕೋ ಕಲೀನಾಕ್ಕೋ ಹೋಗಿ ರಾತ್ರಿಯ ಗಾಡಿಯಲ್ಲಿ ಮರಳುವುದು ಇಲ್ಲಿನ ಓದುಗರಿಗೂ ವಿದ್ಯಾರ್ಥಿಗಳಿಗೂ ರೂಢಿಯಾಗಿದ್ದಿತು. 2020ರ ಮಾರ್ಚ್ ಕೊನೆಯ ಭಾಗದಲ್ಲಿ ಆ ರೈಲು ನಿಂತಿತು. ಜೂನ್ 15ರಂದು ಅಗತ್ಯ ಸೇವೆಯವರಿಗಾಗಿ ಮಾತ್ರ ಅದು ಮತ್ತೆ ಆರಂಭವಾಯಿತು. ಜನಸಾಮಾನ್ಯರಿಗೆ ಗೊತ್ತುಪಡಿಸಿದ ವೇಳೆಗಳಲ್ಲಿ ಪ್ರವೇಶ ದೊರೆತುದು 2021ರ ಫೆಬ್ರವರಿ 1ರಿಂದ. ಈ ನಡುವಿನ ಅವಧಿಯಲ್ಲಿ ಕನ್ನಡದ ಉಪನ್ಯಾಸ, ಪುಸ್ತಕಾವಲೋಕನ, ಕವಿಗೋಷ್ಠಿಗಳು ಜೂಮ್, ಗೂಗಲ್ ಮೀಟ್ ಮೊದಲಾದ ವೇದಿಕೆಗಳಿಗೆ ಸಾಗಿದುವು. ರೈಲು ಮರಳಿದ ಬಳಿಕವೂ ಈ ಪದ್ಧತಿ ಪೂರ್ತಿ ನಿಂತುಹೋಗಲಿಲ್ಲ.

ಇಂಥ ಸಭೆಯಲ್ಲಿ ಮಾತಿಗೆ ತೊಡಕಿಲ್ಲ, ತೊಡಕಿರುವುದು ಬರವಣಿಗೆಗೆ. ಸಭಿಕರ ಪ್ರಶ್ನೆ, ಉದಾಹರಿಸಿದ ಪದ್ಯ, ಗ್ರಂಥದ ಹೆಸರು, ಹಾಜರಾದವರ ನಾಮಧೇಯ ಇವೆಲ್ಲವೂ ಪರದೆಯ ಬದಿಯ ಚಾಟ್ ಅಂಕಣದಲ್ಲಿ ಅಕ್ಷರರೂಪದಲ್ಲಿ ಬರಬೇಕು. ಅಲ್ಲಿ ಕನ್ನಡ ಒಡೆದು ಬಂದಾಗ ಸಭಿಕರು ರೋಮನ್ ಅಕ್ಷರಗಳನ್ನು ಆಶ್ರಯಿಸುತ್ತಾರೆ. ಹರಟೆಗೆ ಇದು ಸಾಕಾಗಬಹುದು, ಆದರೆ ಶಾಸ್ತ್ರವಿಷಯಕ್ಕೆ ಸಾಲದು. `bale` ಎಂದು ಬರೆದುದನ್ನು ಬಲೆ, ಬಳೆ, ಬಾಲೆ, ಬಾಳೆ ಎಂದು ನಾಲ್ಕು ಬಗೆಯಲ್ಲಿ ಓದಬಹುದು. ಮೊದಲೆರಡರಲ್ಲಿ ಎರಡು ಲಘುಗಳಿವೆ, ಕೊನೆಯೆರಡರಲ್ಲಿ ಒಂದು ಗುರು ಒಂದು ಲಘು. ಲ-ಳಗಳ ಭೇದವೂ ಹ್ರಸ್ವದೀರ್ಘಗಳ ಭೇದವೂ ಅಳಿದ ಮೇಲೆ ಛಂದಸ್ಸನ್ನು ಕುರಿತ ಪ್ರಶ್ನೆಯನ್ನಾಗಲಿ ಪ್ರಾಸವನ್ನು ಕುರಿತ ಆಕ್ಷೇಪವನ್ನಾಗಲಿ ಬರೆದು ತಿಳಿಸುವುದು ಅಸಾಧ್ಯ. ಆದುದರಿಂದ ಚಾಟಿನಲ್ಲಿ ಕನ್ನಡ ಎಲ್ಲಿ ಒಡೆಯುತ್ತದೆ, ಒಡೆದುದನ್ನು ಗುರುತಿಸುವುದು ಹೇಗೆ, ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಆಕಾರವಲ್ಲ, ಸಂಕೇತ

ಗಣಕದಲ್ಲಿ ಅಕ್ಷರವು ಮೂರು ಹಂತಗಳನ್ನು ದಾಟಿ ಕಣ್ಣಿಗೆ ಬೀಳುತ್ತದೆ. ಬೆರಳು ಒತ್ತುವ ಕೀಲಿ ಮೊದಲನೆಯದು. ಆ ಒತ್ತಿನಿಂದ ಗಣಕದೊಳಗೆ ದಾಖಲಾಗುವ ಸಂಖ್ಯೆ, ಅಂದರೆ ಸಂಕೇತ, ಎರಡನೆಯದು. ಆ ಸಂಕೇತವನ್ನು ಓದಿ ಫಾಂಟು ಬಿಡಿಸುವ ಆಕಾರ ಮೂರನೆಯದು. ಬರೆಯುವವನ ಗಮನವೆಲ್ಲ ಮೂರನೆಯ ಹಂತದ ಮೇಲಿರುತ್ತದೆ, ಏಕೆಂದರೆ ಆತನಿಗೆ ಕಾಣುವುದು ಅದೊಂದೇ. ಆದರೆ ಚಾಟ್ ಅಂಕಣವು ಒಯ್ಯುವುದು ಎರಡನೆಯ ಹಂತವನ್ನು ಮಾತ್ರ. ಕಲ್ಯಾಣದಲ್ಲಿ ಕುಳಿತವರು ಯಾವ ಫಾಂಟಿನಲ್ಲಿ ಬರೆದರೆಂಬ ಸುದ್ದಿ ವಾಶಿಯಲ್ಲಿ ಓದುವವರ ಸಾಧನಕ್ಕೆ ತಲುಪುವುದಿಲ್ಲ. ಬಂದ ಸಂಕೇತಗಳಿಗೆ ಆ ಸಾಧನವು ತನ್ನಲ್ಲಿರುವ ಫಾಂಟಿನಿಂದಲೇ ಆಕಾರ ಕೊಡುತ್ತದೆ.

ಈ ಒಂದು ಸಂಗತಿಯನ್ನು ಮನಗಂಡರೆ ಬಹುತೇಕ ತೊಡಕುಗಳ ಮೂಲ ತಿಳಿಯುತ್ತದೆ. ಕನ್ನಡದ ಗಣಕ ಬರವಣಿಗೆಯಲ್ಲಿ ಎರಡು ತಲೆಮಾರಿನ ಸಂಕೇತಗಳಿವೆ. ಹಳೆಯ ಪದ್ಧತಿ ರೂಢಿಗೆ ಬಂದಾಗ ಒಂದು ಫಾಂಟಿನಲ್ಲಿ 256 ಸ್ಥಾನಗಳಷ್ಟೇ ಇದ್ದುವು. ಅವೆಲ್ಲವೂ ಇಂಗ್ಲಿಷ್ ಹಾಗೂ ಯುರೋಪಿನ ಭಾಷೆಗಳ ಅಕ್ಷರಗಳಿಗೆ ಗೊತ್ತುಮಾಡಿದ ಸ್ಥಾನಗಳು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಅಲ್ಲಿ ಎಡೆಯಿರಲಿಲ್ಲ. ಆದುದರಿಂದ ಅಕ್ಷರವನ್ನು ತಲಕಟ್ಟು, ಒಡಲು, ಇಳಿ, ಒತ್ತು ಎಂದು ತುಂಡರಿಸಿ, ಒಂದೊಂದು ತುಂಡನ್ನು ಒಂದೊಂದು ಯುರೋಪಿಯ ಅಕ್ಷರದ ಸ್ಥಾನದಲ್ಲಿ ಕೂರಿಸಲಾಯಿತು. ಇದು ಅಚ್ಚುಕೂಟದ ಮೊಳೆ ಜೋಡಣೆಯ ಪದ್ಧತಿಯೇ. ಮೊಳೆಪೆಟ್ಟಿಗೆಯ ಜಾಗದಲ್ಲಿ ಫಾಂಟು ಬಂದಿತು ಅಷ್ಟೆ. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ಮೂಲಕ ಕರ್ನಾಟಕ ಸರ್ಕಾರ ಹೊರತಂದ ‘ನುಡಿ’ ಈ ಪದ್ಧತಿಯನ್ನು ಮನೆಮನೆಗೆ ತಲುಪಿಸಿದುವು. ಈ ತಂತ್ರಾಂಶಗಳ ಮುಂದಿನ ಆವೃತ್ತಿಗಳಲ್ಲಿ ಯುನಿಕೋಡಿಗೂ ಅವಕಾಶವಿದೆ. ಆದರೆ ಅವುಗಳ ಹಳೆಯ ಬಗೆಯ ಫಾಂಟುಗಳಲ್ಲಿ ಸಿದ್ಧವಾದ ಬರವಣಿಗೆ ಇಂದಿಗೂ ಗಣಕಗಳಲ್ಲಿ ಉಳಿದಿದೆ.

ಹೊಸ ಪದ್ಧತಿ ಯುನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನಗಳಿವೆ. ಇಲ್ಲಿ ಸಂಖ್ಯೆ ದೊರೆಯುವುದು ಆಕಾರದ ತುಂಡುಗಳಿಗಲ್ಲ, ವರ್ಣಗಳಿಗೆ ಮತ್ತು ಸ್ವರಚಿಹ್ನೆಗಳಿಗೆ. ಅವುಗಳನ್ನು ಉಚ್ಚಾರಣೆಯ ಕ್ರಮದಲ್ಲಿ ದಾಖಲಿಸಿದರೆ ಸಾಕು. ಒತ್ತನ್ನು ಎಲ್ಲಿ ಕೂರಿಸಬೇಕು, ತಲಕಟ್ಟನ್ನು ಯಾವಾಗ ತೆಗೆಯಬೇಕು ಎಂಬುದು ಫಾಂಟಿನ ಮತ್ತು ಅದನ್ನು ನಡೆಸುವ ತಂತ್ರಾಂಶದ ಹೊಣೆ. ಹಳೆಯದು ಕಣ್ಣಿನ ಕ್ರಮ, ಹೊಸದು ಕಿವಿಯ ಕ್ರಮ ಎಂದು ಸಂಗ್ರಹವಾಗಿ ಹೇಳಬಹುದು.

3. ಒಂದು ಪ್ರಯೋಗ: ‘ಕರ್ನಾಟಕ ಸಂಘ’

ಡೊಂಬಿವಲಿ ಕರ್ನಾಟಕ ಸಂಘದಂತೆ ಈ ಪ್ರದೇಶದ ಅನೇಕ ಸಂಸ್ಥೆಗಳ ಹೆಸರಿನಲ್ಲಿ ‘ಕರ್ನಾಟಕ ಸಂಘ’ ಎಂಬ ಎರಡು ಪದಗಳು ಬರುತ್ತವೆ. ಇವುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳೆಯ ನುಡಿ ಫಾಂಟಿನಲ್ಲಿ ಸಿದ್ಧಪಡಿಸಿದ ಆಮಂತ್ರಣ ಪತ್ರಿಕೆಯಿಂದ ಇವನ್ನು ನಕಲು ಮಾಡಿ ಚಾಟಿನಲ್ಲಿ ಅಂಟಿಸಿದರೆ ಎಲ್ಲರಿಗೂ ಕಾಣುವುದು ಹೀಗೆ:

```
PÀ£ÁðlPÀ ¸ÀAWÀ
```

ಇದು ಕೆಟ್ಟುಹೋದ ಕನ್ನಡವಲ್ಲ. ಕಡತದಲ್ಲಿ ಮೊದಲಿನಿಂದಲೂ ಇದ್ದುದು ಇದೇ. ಬರೆದವರ ಗಣಕದಲ್ಲಿ ನುಡಿ ಫಾಂಟು ಇದಕ್ಕೆ ಕನ್ನಡದ ವೇಷ ತೊಡಿಸಿತ್ತು. ಚಾಟ್ ಅಂಕಣದಲ್ಲಿ ಆ ವೇಷ ಕಳಚಿತು. ಬಿಡಿಸಿ ನೋಡಿದರೆ ವ್ಯವಸ್ಥೆ ಸ್ಪಷ್ಟವಾಗುತ್ತದೆ. `P` ಎಂಬುದು ಕಕಾರದ ಒಡಲು, `À` ಎಂಬುದು ಅದರ ತಲಕಟ್ಟು, ಎರಡೂ ಕೂಡಿ ‘ಕ’. `£` ನಕಾರದ ಒಡಲು, `Á` ತಲೆಯ ಮೇಲಿನ ದೀರ್ಘ, ಕೂಡಿದರೆ ‘ನಾ’. ಬಳಿಕ ಬರುವ `ð` ಅರ್ಕಾವೊತ್ತು. `l` ತಾನೊಂದೇ ‘ಟ’. ಕೊನೆಯಲ್ಲಿ ಮತ್ತೆ ‘ಕ’. ಎರಡನೆಯ ಪದದಲ್ಲಿ `¸À` ಎಂಬುದು ‘ಸ’, `A` ಅನುಸ್ವಾರ, `WÀ` ಎಂಬುದು ‘ಘ’.

ಯುನಿಕೋಡಿನಲ್ಲಿ ‘ಕರ್ನಾಟಕ’ ಪದದ ದಾಖಲೆ ಬೇರೆ ಬಗೆಯದು:

```
ಕ      ರ      ್      ನ      ಾ      ಟ      ಕ
U+0C95 U+0CB0 U+0CCD U+0CA8 U+0CBE U+0C9F U+0C95
```

ಇಲ್ಲಿ ಗಮನಿಸಬೇಕಾದುದು ರೇಫದ ಸ್ಥಾನ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ‘ನಾ’ ಎಂಬುದರ ಅನಂತರ ಬಂದಿದೆ, ಏಕೆಂದರೆ ಕಣ್ಣಿಗೆ ಅದು ಕಾಣುವುದು ಅಲ್ಲಿ. ಹೊಸ ಪದ್ಧತಿಯಲ್ಲಿ ರಕಾರವೂ ಅದರ ಹಲಂತಚಿಹ್ನೆಯೂ ನಕಾರಕ್ಕಿಂತ ಮೊದಲು ಬಂದಿವೆ, ಏಕೆಂದರೆ ನಾಲಗೆ ಅದನ್ನು ಉಚ್ಚರಿಸುವುದು ಅಲ್ಲಿ. ಸಂಯುಕ್ತಾಕ್ಷರದ ವರ್ಣಕ್ರಮವನ್ನು ವ್ಯಾಕರಣ ಪಾಠದಲ್ಲಿ ಬಿಡಿಸಿ ಹೇಳುವಂತೆಯೇ ಯುನಿಕೋಡ್ ಅದನ್ನು ದಾಖಲಿಸುತ್ತದೆ.

ಹಳೆಯ ಕಡತವನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವ ಸೌಲಭ್ಯ ಬರಹ, ನುಡಿ ಎರಡರಲ್ಲಿಯೂ ಇದೆ. ಆದರೆ ಈ ಪರಿವರ್ತನೆ ಯಾಂತ್ರಿಕವಾದ ಅದಲುಬದಲಲ್ಲ. ಅರ್ಕಾವೊತ್ತನ್ನು ಹಿಂದಕ್ಕೆ ಸರಿಸಬೇಕು, ತುಂಡುಗಳನ್ನು ಕೂಡಿಸಬೇಕು. ಆದುದರಿಂದ ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಕಡತದಲ್ಲಿ ಬಳಸಿದ ಫಾಂಟಿನ ಹೆಸರನ್ನು ನೋಡಬೇಕು. `Nudi 01 e` ಅಥವಾ `BRH Kannada` ಎಂದಿದ್ದರೆ ಮೇಲಿನ ಪರಿವರ್ತಕಗಳು ಕೆಲಸ ಮಾಡುತ್ತವೆ. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಮೊದಲಾದವುಗಳ ಸಂಕೇತವಿನ್ಯಾಸ ಬೇರೆಯಾದುದರಿಂದ ಅವುಗಳಿಗೆ ಅವುಗಳದೇ ಪರಿವರ್ತಕ ಬೇಕು. ಎರಡನೆಯದಾಗಿ, ಕನ್ನಡದ ನಡುವೆ ಇಂಗ್ಲಿಷ್ ಪದಗಳಿರುವ ಕಡತವನ್ನು ಇಡಿಯಾಗಿ ಪರಿವರ್ತಿಸಬಾರದು. ಇಂಗ್ಲಿಷಿನ `P` ಮತ್ತು ಕಕಾರದ ಒಡಲು ಎರಡಕ್ಕೂ ಒಂದೇ ಸಂಖ್ಯೆಯಿರುವುದರಿಂದ ಪರಿವರ್ತಕಕ್ಕೆ ಅವುಗಳ ಭೇದ ತಿಳಿಯದೆ ಇಂಗ್ಲಿಷ್ ಪದಗಳು ವಿಕಾರಗೊಳ್ಳುತ್ತವೆ. ಕನ್ನಡದ ಭಾಗವನ್ನಷ್ಟೇ ಆರಿಸಿಕೊಂಡು ಪರಿವರ್ತಿಸುವುದು ಕ್ಷೇಮ. ಮೂರನೆಯದಾಗಿ, ಪದಮಧ್ಯದಲ್ಲಿ ಹಲಂತವಿರುವ ಹೆಸರುಗಳನ್ನು ಪರಿವರ್ತನೆಯ ಬಳಿಕ ಓದಿ ನೋಡಬೇಕು. ಇದರ ಕಾರಣವನ್ನು ಐದನೆಯ ಭಾಗದಲ್ಲಿ ವಿವರಿಸಲಾಗಿದೆ.

4. ಕೀಲಿಮಣೆ: ಎರಡು ದಾರಿಗಳು

ಸಂಕೇತ ಸರಿಯಾಗಿರಬೇಕಾದರೆ ಕೀಲಿಮಣೆ ಯುನಿಕೋಡನ್ನೇ ಹೊರಡಿಸಬೇಕು. ಮೊಬೈಲ್ ಫೋನಿನ ಕನ್ನಡ ಕೀಲಿಮಣೆಗಳು ಯುನಿಕೋಡನ್ನೇ ಬರೆಯುತ್ತವೆ. ಆದುದರಿಂದ ಮೇಲೆ ಹೇಳಿದ ಬಗೆಯ ತೊಡಕು ಗಣಕದಿಂದ ಬರೆಯುವವರಿಗೆ ಸಂಬಂಧಿಸಿದುದು. ನುಡಿ, ಬರಹಗಳನ್ನು ಬಳಸುವವರು ಬರೆಯುವ ಮೊದಲು ತಂತ್ರಾಂಶವು ಯುನಿಕೋಡ್ ಸ್ಥಿತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಆಸ್ಕಿ ಅಥವಾ ಏಕಭಾಷಾ ಫಾಂಟಿನ ಸ್ಥಿತಿಯಲ್ಲಿದ್ದರೆ ಚಾಟಿನಲ್ಲಿ ಬೀಳುವುದು `PÀ` ಎಂಬಂಥದೇ. ಕೀಲಿಯ ವಿನ್ಯಾಸ ಎರಡೂ ಸ್ಥಿತಿಗಳಲ್ಲಿ ಒಂದೇ ಆಗಿರುವುದರಿಂದ ಬೆರಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ನುಡಿಯ ಕೀಲಿವಿನ್ಯಾಸಕ್ಕೆ ಆಧಾರವಾದುದು ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಧ್ವನ್ಯಾಧಾರಿತ ವಿನ್ಯಾಸ. ಕೆ. ಪಿ. ರಾವ್ ಎಂದೇ ಪ್ರಸಿದ್ಧರಾದ ಅವರು ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಟಾಟಾ ಪ್ರೆಸ್ ಮೊದಲಾದೆಡೆ ದುಡಿದವರು. ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದವರು. ಈ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಯ ಧ್ವನಿಗೆ ಹೊಂದುವ ಕನ್ನಡ ವರ್ಣವಿರುತ್ತದೆ. ಸ್ವರದ ಕೀಲಿಯನ್ನು ವ್ಯಂಜನದ ಬಳಿಕ ಒತ್ತಿದರೆ ಅದೇ ಗುಣಿತಚಿಹ್ನೆಯಾಗುತ್ತದೆ. ಹಲಂತಕ್ಕೆ `f` ಎಂಬ ಒಂದು ಕೀಲಿ. ಟಕಾರ, ಡಕಾರಗಳಿಗೆ ಕ್ರಮವಾಗಿ `q`, `w`. ಹೀಗೆ ‘ಕರ್ನಾಟಕ ಸಂಘ’, ‘ಕಲ್ಯಾಣ’, ‘ಡೊಂಬಿವಲಿ’, ‘ಠಾಣೆ’ಗಳ ಒತ್ತುಕ್ರಮ ಕೆಳಗಿನಂತಿದೆ:

```
krfnAqk sMG
klfyAN
woMbivli
QANe
```

ಎರಡನೆಯ ದಾರಿ ಇನ್‌ಸ್ಕ್ರಿಪ್ಟ್. ಭಾರತ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿ, 1988ರಲ್ಲಿ ಪರಿಷ್ಕರಿಸಿದ ಈ ವಿನ್ಯಾಸವನ್ನು 1991ರ ಇಸ್ಕಿ ಮಾನಕದಲ್ಲಿ ಸೇರಿಸಲಾಯಿತು. ವಿಂಡೋಸ್ ಮೊದಲಾದ ವ್ಯವಸ್ಥೆಗಳಲ್ಲಿ ಇದು ಬೇರೆ ತಂತ್ರಾಂಶದ ಹಂಗಿಲ್ಲದೆ ದೊರೆಯುತ್ತದೆ. ಠಾಣೆ, ಡೊಂಬಿವಲಿಗಳ ಕನ್ನಡ ವಿದ್ಯಾರ್ಥಿಗಳಿಗೆ ಇದರಿಂದ ವಿಶೇಷ ಪ್ರಯೋಜನವುಂಟು. ಇಲ್ಲಿ ಮರಾಠಿ ಶಾಲೆಯ ಭಾಷೆ, ಕಚೇರಿಯ ಭಾಷೆ. ಇನ್‌ಸ್ಕ್ರಿಪ್ಟಿನಲ್ಲಿ ಮರಾಠಿ ಬರೆಯಲು ಕಲಿತವರು ಕನ್ನಡಕ್ಕೆ ಹೊಸದಾಗಿ ಬೆರಳು ಪಳಗಿಸಬೇಕಾಗಿಲ್ಲ. ಎಲ್ಲ ಭಾರತೀಯ ಲಿಪಿಗಳ ಸಮಾನ ವರ್ಣಕ್ಕೆ ಅಲ್ಲಿ ಒಂದೇ ಕೀಲಿ. ‘ಕರ್ನಾಟಕ’ ಎಂಬ ಪದಕ್ಕೆ ಕನ್ನಡದಲ್ಲಿಯೂ ದೇವನಾಗರಿಯಲ್ಲಿಯೂ ಒತ್ತುವುದು ಇದೇ ಏಳು ಕೀಲಿಗಳನ್ನು:

```
kjdve'k
```

ಇಲ್ಲಿ `j` ರಕಾರ, `d` ಹಲಂತ, `v` ನಕಾರ, `e` ದೀರ್ಘ ಆಕಾರದ ಚಿಹ್ನೆ, `'` ಟಕಾರ. ಭಾಷೆಯನ್ನು ಬದಲಿಸುವ ಕೀಲಿಯೊಂದನ್ನು ಒತ್ತಿದೊಡನೆ ಅದೇ ಬೆರಳೋಟ ಲಿಪಿಯನ್ನು ಬದಲಿಸುತ್ತದೆ. ಯುನಿಕೋಡಿನಲ್ಲಿಯೂ ಈ ಸಮಾನತೆ ಉಳಿದಿದೆ. ದೇವನಾಗರಿಯ ಕಕಾರ `U+0915`, ಕನ್ನಡದ್ದು `U+0C95`. ದೇವನಾಗರಿಯ ಹಲಂತ `U+094D`, ಕನ್ನಡದ್ದು `U+0CCD`. ಎರಡೂ ಜೋಡಿಗಳಲ್ಲಿ ಅಂತರ ಒಂದೇ, ಏಕೆಂದರೆ ಎರಡು ಲಿಪಿಗಳ ಕೋಷ್ಟಕಗಳೂ ಇಸ್ಕಿಯ ವರ್ಣಕ್ರಮವನ್ನು ಅನುಸರಿಸಿವೆ.

ಈ ಅನುಕೂಲಕ್ಕೆ ಎರಡು ಮಿತಿಗಳಿವೆ. ಮರಾಠಿಯನ್ನು ರೆಮಿಂಗ್ಟನ್ ಬೆರಳಚ್ಚು ಯಂತ್ರದ ವಿನ್ಯಾಸದಲ್ಲಿ ಕಲಿತವರಿಗೆ ಈ ಸಮಾನತೆ ಒದಗುವುದಿಲ್ಲ, ಅದು ದೇವನಾಗರಿಯ ಆಕಾರಗಳಿಗಾಗಿ ಹೆಣೆದ ವಿನ್ಯಾಸ. ಎರಡನೆಯ ಮಿತಿ ಭಾಷೆಗೆ ಸಂಬಂಧಿಸಿದುದು. ಮರಾಠಿಯ ಸಾಮಾನ್ಯ ಬರವಣಿಗೆಯಲ್ಲಿ ಎ-ಏ, ಒ-ಓಗಳ ಭೇದವಿಲ್ಲ. ಮರಾಠಿಗೆ ಪಳಗಿದ ಬೆರಳು ಏಕಾರಕ್ಕೆ `s` ಕೀಲಿಯನ್ನೂ ಓಕಾರಕ್ಕೆ `a` ಕೀಲಿಯನ್ನೂ ಒತ್ತುತ್ತದೆ. ಕನ್ನಡದಲ್ಲಿ ಅವು ದೀರ್ಘಗಳು. ಹ್ರಸ್ವ ಎಕಾರಕ್ಕೆ `z`, ಹ್ರಸ್ವ ಒಕಾರಕ್ಕೆ ಅಂಕೆ ಒಂದರ ಎಡಗಡೆಯ ಕೀಲಿ. ಈ ಭೇದವನ್ನು ಮರೆತರೆ ‘ಠಾಣೆ’ ಎಂಬುದು ‘ಠಾಣೇ’ ಆಗುತ್ತದೆ, ‘ಡೊಂಬಿವಲಿ’ ಎಂಬುದು ‘ಡೋಂಬಿವಲಿ’ ಆಗುತ್ತದೆ. ಇವು ಊರ ಹೆಸರುಗಳಾದುದರಿಂದ ಓದುಗರು ತಿದ್ದಿಕೊಂಡು ಓದಿಯಾರು. ‘ಕೆರೆ’ಯು ‘ಕೇರೆ’ಯಾದರೆ ಅರ್ಥವೇ ಕೆಟ್ಟು, ನೀರಿನ ಕೆರೆ ಹಾವಾಗುತ್ತದೆ.

5. ಕಣ್ಣಿಗೆ ಬೀಳದ ದೋಷಗಳು

ಇದುವರೆಗೆ ಹೇಳಿದ ದೋಷಗಳು ಕಂಡೊಡನೆ ತಿಳಿಯುವಂಥವು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡು ಒಳಗೆ ತಪ್ಪಿರುವ ಸಂದರ್ಭಗಳೂ ಇವೆ. ಅನುಸ್ವಾರದ ಸೊನ್ನೆ ಇದಕ್ಕೆ ಮುಖ್ಯ ನಿದರ್ಶನ. ಕನ್ನಡದ ಅನುಸ್ವಾರ `U+0C82`, ಕನ್ನಡದ ಅಂಕೆ ಸೊನ್ನೆ `U+0CE6`. ಅನೇಕ ಫಾಂಟುಗಳಲ್ಲಿ ಇವೆರಡರ ಆಕಾರಗಳು ಬೇರ್ಪಡಿಸಲಾಗದಷ್ಟು ಸಮೀಪ. ಅವಸರದಲ್ಲಿ ಅಂಕೆಯನ್ನು ಒತ್ತಿ ‘ಸ೦ಘ’ ಎಂದು ಬರೆದವರಿಗೆ ತಪ್ಪು ಕಾಣದು, ಓದಿದವರಿಗೂ ಕಾಣದು. ಆದರೆ ಸಭೆಯ ಬಳಿಕ ಚಾಟಿನ ಕಡತದಲ್ಲಿ ‘ಸಂಘ’ ಎಂದು ಹುಡುಕಿದರೆ ಆ ಸಾಲು ಸಿಕ್ಕುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಆ ಪದ ತನ್ನ ಸ್ಥಾನದಲ್ಲಿ ಕೂರುವುದಿಲ್ಲ. ಅರ್ಕಾವೊತ್ತಿನ ಬದಲಿಗೆ ಅಂಕೆ ಒಂಬತ್ತನ್ನು, ಅಂದರೆ ‘೯’ ಎಂಬುದನ್ನು, ಒತ್ತುವ ಅಭ್ಯಾಸವೂ ಇದೇ ಜಾತಿಯದು. ಇವೆರಡೂ ಕಣ್ಣಿನ ಕ್ರಮದಲ್ಲಿ ಬರೆಯುವ ಹಳೆಯ ರೂಢಿಯ ಅವಶೇಷಗಳು. ಒಂದು ಸುಲಭ ಪರೀಕ್ಷೆಯಿದೆ. ಪದದ ಕೊನೆಯಲ್ಲಿ ನಿಂತು ಅಳಿಸುವ ಕೀಲಿಯನ್ನು ಒಂದೊಂದಾಗಿ ಒತ್ತುತ್ತ ಬಂದಾಗ, ‘ಕರ್ನಾಟಕ’ದಲ್ಲಿ ‘ನಾ’ ಹೋಗುವ ಮೊದಲೇ ಅರ್ಕಾವೊತ್ತು ಮಾತ್ರ ಪ್ರತ್ಯೇಕವಾಗಿ ಅಳಿದರೆ ಅದು ನಿಜವಾದ ರೇಫವಲ್ಲ, ಅಂಕೆ.

ಎರಡನೆಯ ನಿದರ್ಶನ ಪದಮಧ್ಯದ ಹಲಂತ. ಯುನಿಕೋಡಿನಲ್ಲಿ ಹಲಂತದ ಮುಂದೆ ವ್ಯಂಜನ ಬಂದರೆ ಎರಡೂ ಕೂಡಿ ಸಂಯುಕ್ತಾಕ್ಷರವಾಗಬೇಕೆಂಬುದು ನಿಯಮ. ದೇಶ್ಯ ಮತ್ತು ಸಂಸ್ಕೃತ ಪದಗಳಿಗೆ ಈ ನಿಯಮ ಸರಿಹೊಂದುತ್ತದೆ, ಅನ್ಯಭಾಷೆಯ ಹೆಸರುಗಳಿಗೆ ಕೆಲವೊಮ್ಮೆ ಹೊಂದುವುದಿಲ್ಲ. ಕಲ್ಯಾಣದ ಆಚೆಗಿರುವ ಊರನ್ನು ಮರಾಠಿಯ ಉಚ್ಚಾರಣೆಗೆ ಅನುಗುಣವಾಗಿ ‘ಅಂಬರ್‌ನಾಥ್’ ಎಂದು ಬರೆಯಬೇಕೆಂದು ಭಾವಿಸೋಣ. ರಕಾರ, ಹಲಂತ, ನಕಾರಗಳನ್ನು ಸುಮ್ಮನೆ ಒತ್ತಿದರೆ ಬರುವುದು ‘ಅಂಬರ್ನಾಥ್’. ರಕಾರವು ಅರ್ಕಾವೊತ್ತಾಗಿ ನಕಾರದ ಪಕ್ಕಕ್ಕೆ ಹೋಗುತ್ತದೆ. ಇದನ್ನು ತಡೆಯಲು ಹಲಂತದ ಬಳಿಕ `U+200C` ಎಂಬ ಕಾಣದ ಚಿಹ್ನೆಯನ್ನು ಇಡಬೇಕು. ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ. ‘ಇಲ್ಲಿ ಕೂಡಿಸಬೇಡ’ ಎಂಬ ಆಜ್ಞೆ ಮಾತ್ರ ಅದರಲ್ಲಿದೆ. ಪರಿವರ್ತಕಗಳು ಎಡವುವುದು ಇಲ್ಲಿಯೇ. ಹಳೆಯ ಫಾಂಟಿನಲ್ಲಿ `gï` ಎಂಬ ಜೋಡಿ ಸಿದ್ಧವಾದ ‘ರ್’ ಆಗಿದ್ದಿತು, ಅದರ ಮುಂದೆ ಏನು ಬಂದರೂ ಅದು ಅಲುಗುತ್ತಿರಲಿಲ್ಲ. ಯುನಿಕೋಡಿಗೆ ತಿರುಗಿಸುವಾಗ ಪರಿವರ್ತಕವು ಕಾಣದ ಚಿಹ್ನೆಯನ್ನು ಸೇರಿಸದಿದ್ದರೆ ಹೆಸರು ಬದಲಾಗುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ‘ಕಾರ್ಯ’ ಪದದಲ್ಲಿ ರೇಫವು ಅರ್ಕಾವೊತ್ತಾಗಿ ಬರುವುದು ಸರಿ. ಆದರೆ ‘ರ‍್ಯಾಲಿ’ ಎಂಬ ಪದದಲ್ಲಿ ರಕಾರವು ಪೂರ್ಣವಾಗಿ ನಿಂತು ಅದರ ಕೆಳಗೆ ಯಕಾರದ ಒತ್ತು ಬರಬೇಕು. ವರ್ಣಕ್ರಮ ಎರಡರಲ್ಲಿಯೂ ಒಂದೇ, ರೂಪ ಬೇರೆ. ಯುನಿಕೋಡ್ ಮಾನಕದ ಪ್ರಕಾರ ಇಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ `U+200D` ಎಂಬ ಮತ್ತೊಂದು ಕಾಣದ ಚಿಹ್ನೆಯನ್ನು ಇಡಬೇಕು:

```
ರ      (ಕಾಣದು) ್      ಯ
U+0CB0 U+200D  U+0CCD U+0CAF
```

ಈ ಕಾಣದ ಚಿಹ್ನೆಗಳ ಕೀಲಿ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ. ಕೆಲವು ಮೊಬೈಲ್ ಕೀಲಿಮಣೆಗಳಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅಂಥಲ್ಲಿ ಬೇಕಾದ ಹೆಸರುಗಳನ್ನು ಒಮ್ಮೆ ಸರಿಯಾಗಿ ಬರೆದು ಕಡತದಲ್ಲಿ ಇಟ್ಟುಕೊಂಡು ನಕಲು ಮಾಡುವುದೇ ಸುಲಭವಾದ ಉಪಾಯ. ಪದವನ್ನು ನಕಲು ಮಾಡುವಾಗ ಇಡಿಯಾಗಿ ಆರಿಸಿಕೊಂಡರೆ ಅದರೊಳಗಿನ ಕಾಣದ ಚಿಹ್ನೆಯೂ ಜೊತೆಗೆ ಬರುತ್ತದೆ.

6. ರೋಗಲಕ್ಷಣ ಮತ್ತು ನಿರ್ವಹಣೆ

ಸಭೆ ನಡೆಯುತ್ತಿರುವಾಗ ಚಾಟಿನಲ್ಲಿ ಕನ್ನಡ ಒಡೆದು ಬಂದರೆ, ಒಡೆದ ಬಗೆಯನ್ನು ನೋಡಿಯೇ ಕಾರಣವನ್ನು ಹೇಳಬಹುದು. `À`, `Á`, `ð`, `£` ಇಂಥ ಅಕ್ಷರಗಳು ಕಂಡರೆ ಕಳುಹಿಸಿದವರು ಹಳೆಯ ಫಾಂಟಿನಿಂದ ಅಂಟಿಸಿದ್ದಾರೆ. ದೋಷ ಕಳುಹಿಸಿದವರ ಕಡೆಯದು, ಎಲ್ಲರಿಗೂ ಒಂದೇ ಬಗೆಯಾಗಿ ಕಾಣುತ್ತದೆ. ಖಾಲಿ ಚೌಕಗಳು ಕಂಡರೆ ಸಂಕೇತ ಸರಿಯಾಗಿದೆ, ಓದುವವರ ಸಾಧನದಲ್ಲಿ ಕನ್ನಡ ಫಾಂಟಿಲ್ಲ. ಇದು ಒಬ್ಬಿಬ್ಬರಿಗೆ ಮಾತ್ರ ಕಾಣುವ ದೋಷ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ `Tunga`, ವಿಂಡೋಸ್ 8ರಿಂದ ಈಚೆಗೆ `Nirmala UI` ಎಂಬ ಫಾಂಟುಗಳಲ್ಲಿ ಕನ್ನಡವಿದೆ. ಅವುಗಳಿಲ್ಲದ ಸಾಧನದಲ್ಲಿ `Noto Sans Kannada` ಎಂಬ ಉಚಿತ ಫಾಂಟನ್ನು ಸ್ಥಾಪಿಸಬಹುದು. ಸ್ವರಚಿಹ್ನೆಯ ಪಕ್ಕದಲ್ಲಿ ಚುಕ್ಕೆಗಳಿಂದಾದ ವೃತ್ತ ಕಂಡರೆ ಸಂಕೇತವೂ ಫಾಂಟೂ ಸರಿಯಾಗಿವೆ, ಒತ್ತಿದ ಕ್ರಮ ತಪ್ಪಿದೆ. ಗುಣಿತಚಿಹ್ನೆಯ ಮೇಲೆ ಹಲಂತವನ್ನೋ ಮತ್ತೊಂದು ಗುಣಿತವನ್ನೋ ಒತ್ತಿದಾಗ, ಆಧಾರವ್ಯಂಜನವಿಲ್ಲದ ಆ ಚಿಹ್ನೆಗೆ ತಂತ್ರಾಂಶವು ವೃತ್ತವನ್ನು ಆಧಾರವಾಗಿ ಕೊಡುತ್ತದೆ. ಕೊನೆಯದಾಗಿ, ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ದಾರಿಯಲ್ಲಿ ಎಲ್ಲಿಯೋ ಸಂಕೇತಗಳೇ ನಷ್ಟವಾಗಿವೆ. ಅದನ್ನು ಮರಳಿ ಪಡೆಯುವ ಉಪಾಯವಿಲ್ಲ, ಮತ್ತೆ ಬರೆಯಿಸಬೇಕು.

ಸಭೆ ಮುಗಿದ ಮೇಲೆ ಉಳಿಸಿಕೊಂಡ ಚಾಟಿನ ಕಡತದಲ್ಲಿ ಇನ್ನೊಂದು ಬಗೆಯ ವಿಕಾರ ಕಾಣಬಹುದು:

```
à²•à²°
```

ಇದನ್ನು ಹಳೆಯ ಫಾಂಟಿನ ವಿಕಾರವೆಂದು ಭ್ರಮಿಸಬಾರದು. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಪ್ರತಿಯೊಂದು ಕನ್ನಡ ವರ್ಣಕ್ಕೂ ಚಿಹ್ನೆಗೂ ಮೂರು ಬೈಟುಗಳು. ಮೊದಲೆರಡು ಬೈಟುಗಳು ಯುರೋಪಿಯ ಕೋಷ್ಟಕದಲ್ಲಿ `à²` ಅಥವಾ `à³` ಎಂದು ಕಾಣುತ್ತವೆ. ಈ ಜೋಡಿ ಹೆಜ್ಜೆಹೆಜ್ಜೆಗೂ ಮರುಕಳಿಸುವುದೇ ಇದರ ಗುರುತು. ಮೇಲಿನ ಸಾಲಿನಲ್ಲಿರುವುದು ‘ಕರ’ ಎಂಬ ಎರಡು ಅಕ್ಷರಗಳು. ಕಡತ ಕೆಟ್ಟಿಲ್ಲ, ತೆರೆದ ತಂತ್ರಾಂಶ ಅದನ್ನು ಬೇರೆ ಸಂಕೇತವೆಂದು ಓದಿದೆ. ಏನನ್ನೂ ತಿದ್ದದೆ, ಉಳಿಸದೆ ಅದನ್ನು ಮುಚ್ಚಿ, ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆದರೆ ಕನ್ನಡ ಮರಳುತ್ತದೆ. ವಿಕಾರಗೊಂಡ ರೂಪವನ್ನೇ ಉಳಿಸಿಬಿಟ್ಟರೆ ಮರಳಿ ಪಡೆಯುವುದು ಕಷ್ಟ.

ಸಭೆಯ ಸಂಚಾಲಕರು ಆರಂಭಕ್ಕೆ ಮೊದಲು ಮಾಡಬಹುದಾದ ಕೆಲಸ ಬಹಳವಿಲ್ಲ. ಉಪನ್ಯಾಸಕರು ಉದಾಹರಿಸಲಿರುವ ಪದ್ಯಗಳನ್ನೂ ಗ್ರಂಥನಾಮಗಳನ್ನೂ ಮುಂಚಿತವಾಗಿ ಪಡೆದು, ಯುನಿಕೋಡಿಗೆ ಪರಿವರ್ತಿಸಿ, ಓದಿ ತಿದ್ದಿ, ಫಾಂಟಿನ ಅಲಂಕಾರವಿಲ್ಲದ ಸರಳ ಕಡತದಲ್ಲಿ ಇಟ್ಟುಕೊಳ್ಳಬೇಕು. ಸರಳ ಕಡತದಲ್ಲಿ ಕನ್ನಡ ಕನ್ನಡವಾಗಿಯೇ ಕಂಡರೆ ಚಾಟಿನಲ್ಲಿಯೂ ಕಾಣುತ್ತದೆ. ಅಲ್ಲಿಯೇ ಅದು `PÀ` ಎಂದು ತಿರುಗಿದರೆ ಸಭೆಗೆ ಮೊದಲೇ ದೋಷ ತಿಳಿದಂತಾಯಿತು. ಸಭೆಯ ಆರಂಭದಲ್ಲಿ ಒಂದು ಪರೀಕ್ಷಾವಾಕ್ಯವನ್ನು ಚಾಟಿನಲ್ಲಿ ಹಾಕಿ, ಸರಿಯಾಗಿ ಕಾಣದವರು ತಿಳಿಸಬೇಕೆಂದು ಕೋರಬಹುದು. ಆ ವಾಕ್ಯದಲ್ಲಿ ಒಂದು ಅರ್ಕಾವೊತ್ತು, ಒಂದು ದ್ವಿತ್ವ, ಒಂದು ಹ್ರಸ್ವ ಒಕಾರ, ಒಂದು ಪದಮಧ್ಯದ ಹಲಂತ ಇದ್ದರೆ ಸಾಕು:

```
ಕರ್ನಾಟಕ, ಕನ್ನಡ, ಡೊಂಬಿವಲಿ, ಅಂಬರ್‌ನಾಥ್
```

ಮೊದಲ ಮೂರು ಪದಗಳು ಸರಿಯಾಗಿ ಕಂಡು ಕೊನೆಯದರಲ್ಲಿ ಮಾತ್ರ ಅರ್ಕಾವೊತ್ತು ಬಂದರೆ ಕಾಣದ ಚಿಹ್ನೆ ದಾರಿಯಲ್ಲಿ ಉದುರಿದೆ ಎಂದು ತಿಳಿಯಬೇಕು. ‘ಕನ್ನಡ’ದಲ್ಲಿ ನಕಾರದ ಒತ್ತು ಕೆಳಗಿಳಿಯದೆ ಎರಡು ನಕಾರಗಳು ಹಲಂತದೊಡನೆ ಬಿಡಿಬಿಡಿಯಾಗಿ ನಿಂತರೆ, ಆ ಸಾಧನದಲ್ಲಿ ವರ್ಣಗಳಿದ್ದರೂ ಅವುಗಳನ್ನು ಕೂಡಿಸುವ ವ್ಯವಸ್ಥೆಯಿಲ್ಲ. ಅಂಥವರು ಬೇರೆ ಸಾಧನದಿಂದ ಸಭೆಗೆ ಬರುವುದೇ ಸದ್ಯದ ಪರಿಹಾರ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಅಂಶ ಸ್ಪಷ್ಟವಾಗಿದೆ. ಚಾಟಿನಲ್ಲಿ ಕನ್ನಡ ಕೆಡುವುದು ಕನ್ನಡ ಲಿಪಿ ಜಟಿಲವಾದುದರಿಂದಲ್ಲ. ಆಕಾರವನ್ನು ಜೋಡಿಸುವ ಹಳೆಯ ಅಭ್ಯಾಸದಿಂದ ಬರೆದುದನ್ನು, ವರ್ಣಕ್ರಮವನ್ನು ಮಾತ್ರ ಬಲ್ಲ ಹೊಸ ಮಾಧ್ಯಮಕ್ಕೆ ಒಪ್ಪಿಸುವುದರಿಂದ. ಹಳೆಯ ಫಾಂಟಿನ ಅಂಟಿಸುವಿಕೆ, ಅನುಸ್ವಾರದ ಸ್ಥಾನದಲ್ಲಿ ಅಂಕೆಯ ಸೊನ್ನೆ, ಪರಿವರ್ತಕದ ಕೈಯಲ್ಲಿ ರೂಪ ಬದಲಿಸುವ ‘ಅಂಬರ್‌ನಾಥ್’ ಇವು ಮೂರೂ ಒಂದೇ ಬೇರಿನಿಂದ ಹುಟ್ಟಿದುವು. ಮರಾಠಿಯ ಬೆರಳು ತರುವ ದೀರ್ಘ ಏಕಾರ, ಓಕಾರಗಳು ಮಾತ್ರ ಬೇರೆ ಮೂಲದವು. ಅವುಗಳಿಗೆ ಕಾರಣ ಲಿಪಿಯಲ್ಲ, ಭಾಷಾಸಂಪರ್ಕ.

ಈ ವಿಷಯಕ್ಕೆ ಚಾಟಿನ ಆಚೆಗೂ ಒಂದು ಅನ್ವಯವಿದೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು, ಸಂಸ್ಮರಣ ಸಂಪುಟಗಳು, ಸಂಘಸಂಸ್ಥೆಗಳ ವರದಿಗಳು ಅವುಗಳನ್ನು ಬರೆದವರ ಗಣಕದಲ್ಲಿ ಇನ್ನೂ ಕನ್ನಡವಾಗಿ ಕಾಣುತ್ತಿವೆ. ಆ ಫಾಂಟು ಆ ಗಣಕದೊಡನೆ ಅಳಿದ ದಿನ ಅವು `PÀ£ÁðlPÀ` ಎಂದಷ್ಟೇ ಉಳಿಯುತ್ತವೆ. ಯಾವ ಪಠ್ಯ ಯಾವ ಫಾಂಟಿನಲ್ಲಿದೆ ಎಂಬುದು ನೆನಪಿರುವವರು ಇರುವಾಗಲೇ ಅವುಗಳನ್ನು ಪರಿವರ್ತಿಸಿ, ಮೂಲದೊಡನೆ ಹೋಲಿಸಿ ಓದಿ ಇಡುವುದು ಕನ್ನಡ ವಿಭಾಗಗಳ ಗ್ರಂಥಸಂಪಾದನ ಕಾರ್ಯದ ಭಾಗವಾಗಬೇಕಾಗಿದೆ. ತಾಳೆಗರಿಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಶಿಸ್ತು ಕನ್ನಡ ವಿದ್ವತ್ತಿಗೆ ಹೊಸದಲ್ಲ. ಪರಿವರ್ತಿತ ಕಡತದಲ್ಲಿ ಅರ್ಕಾವೊತ್ತು ತನ್ನ ಸ್ಥಾನದಲ್ಲಿದೆಯೇ ಎಂದು ನೋಡುವುದೂ ಅದೇ ಶಿಸ್ತಿನ ಮುಂದುವರಿಕೆ.